ಸೆಸಾ ಗೋವಾ, ಸ್ಟರ್ಲೈಟ್, ವೇದಾಂತ: ಯಾವ ಷೇರು ಯಾವ ಕಂಪನಿಯದ್ದು?

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ‘ಸೆಸಾ ಗೋವಾ’ ಮತ್ತು ‘ಸ್ಟರ್ಲೈಟ್ ಇಂಡಸ್ಟ್ರೀಸ್’ ಹೆಸರಿನ ಹಳೇ ಷೇರು ಪತ್ರಗಳು ಸಿಕ್ಕಿವೆ. ಆ ಹೆಸರು ಈಗ ಎಲ್ಲೂ ಕಾಣುವುದಿಲ್ಲ. ಪುಣೆಯ ಸ್ಟರ್ಲೈಟ್ ಟೆಕ್ನಾಲಜೀಸ್‌ಗೆ ಬರೆದರೆ ಆಗುತ್ತದೆಯೇ?
– ಡೊಂಬಿವಲಿ ಓದುಗರು

ಉತ್ತರ: ಈ ಎರಡು ಪತ್ರಗಳಿಗಾಗಿ ಪುಣೆಗೆ ಬರೆಯಬೇಡಿ. ಎರಡೂ ಈಗ ಸೇರುವುದು ಮುಂಬೈಯಲ್ಲಿ ನೋಂದಾಯಿತ ಕಚೇರಿ ಇರುವ ವೇದಾಂತ ಲಿಮಿಟೆಡ್‌ಗೆ. ಆದರೆ ಸೇರುವ ದಾರಿ ಬೇರೆ ಬೇರೆ.

ಸೆಸಾ ಗೋವಾ ಹೆಸರು ಬದಲಿಸಿಕೊಂಡಿತು ಅಷ್ಟೆ. 2013ರಲ್ಲಿ ಸೆಸಾ ಸ್ಟರ್ಲೈಟ್, 2015ರಲ್ಲಿ ವೇದಾಂತ, ಕಂಪನಿ ಅದೇ. ಸ್ಟರ್ಲೈಟ್ ಇಂಡಸ್ಟ್ರೀಸ್ ಹಾಗಲ್ಲ, 2013ರಲ್ಲಿ ಅದು ಸೆಸಾ ಗೋವಾದೊಳಗೆ ವಿಲೀನವಾಗಿ ಇಲ್ಲವಾಯಿತು. ಒಂದು ರೂಪಾಯಿ ಮುಖಬೆಲೆಯ 5 ಸ್ಟರ್ಲೈಟ್ ಷೇರಿಗೆ 3 ಸೆಸಾ ಷೇರು ಕೊಟ್ಟರು. ಅಂದರೆ ಅಂಥ 100 ಷೇರು ಇದ್ದವರಿಗೆ 60 ಬರಬೇಕು. ನಿಮ್ಮ ಪತ್ರದಲ್ಲಿ ಮುಖಬೆಲೆ ಒಂದು ರೂಪಾಯಿಗಿಂತ ಹೆಚ್ಚಿದ್ದರೆ ಅದು ಇನ್ನೂ ಹಳೆಯದು. ಆಮೇಲೆ ಆ ಷೇರುಗಳ ವಿಭಜನೆ ಆಗಿರುವುದರಿಂದ ಪತ್ರದಲ್ಲಿ ಕಂಡ ಸಂಖ್ಯೆಯನ್ನೇ ಹಿಡಿದು ಲೆಕ್ಕ ಹಾಕಬೇಡಿ.

ಹೆಸರು ನಂಬಿ ಹುಡುಕುವುದರಲ್ಲೇ ಎಡವಟ್ಟು. ಬಿಎಸ್‌ಇ ಜಾಲತಾಣದಲ್ಲಿ 500295 ಹಾಕಿ ನೋಡಿ: ಸೆಸಾ ಗೋವಾ ಕಾಲದ ಸಂಖ್ಯೆ, ಇಂದು ವೇದಾಂತ ಎಂದು ತೋರಿಸುತ್ತದೆ. ಎನ್‌ಎಸ್‌ಇ ಸಂಕೇತ ಮಾತ್ರ ಹೆಸರಿನ ಜೊತೆಗೇ SESAGOA, SSLT, VEDL ಎಂದು ಬದಲಾಗುತ್ತ ಬಂತು.

ಕಂಪನಿಯ ಗುರುತಿನ ಸಂಖ್ಯೆ ಸಿಐಎನ್ ಕೂಡ ಶಾಶ್ವತವಲ್ಲ ಅನ್ನುವುದು ಹಲವರಿಗೆ ಗೊತ್ತಿಲ್ಲ. ನೋಂದಾಯಿತ ಕಚೇರಿ ಗೋವಾದಿಂದ ಮಹಾರಾಷ್ಟ್ರಕ್ಕೆ ಹೋದಾಗ ಇದು ಹೀಗಾಯಿತು:

```
L13209GA1965PLC000044
L13209MH1965PLC291394
```

ರಾಜ್ಯದ ಅಕ್ಷರ ಬದಲಾಯಿತು, ಕೊನೆಯ ಆರಂಕಿಯೂ ಬದಲಾಯಿತು. ಸ್ಥಾಪನೆಯ ವರ್ಷ 1965 ಹಾಗೇ ಉಳಿಯಿತು. ಹಳೇ ಸಿಐಎನ್ ಕೊಟ್ಟು ಏನೂ ಸಿಗದಿದ್ದರೆ ಕಂಪನಿ ಮುಚ್ಚಿದೆ ಎಂದುಕೊಳ್ಳಬೇಡಿ.

ಈಗ ವೇದಾಂತದ ಷೇರು ರಿಜಿಸ್ಟ್ರಾರ್‌ಗೆ ಎರಡೂ ಪತ್ರಗಳ ಪ್ರತಿ ಕಳಿಸಿ. ಫೋಲಿಯೊ ಸಂಖ್ಯೆ, ಪತ್ರದ ಸಂಖ್ಯೆ, ಮೇಲೆ ಅಚ್ಚಾದ ಹಳೇ ಹೆಸರು ಮೂರನ್ನೂ ಬರೆಯಿರಿ. ಫೋಲಿಯೊ ಸಂಖ್ಯೆಗೆ ಅರ್ಥ ಇರುವುದು ಒಂದು ಕಂಪನಿಯ ಪುಸ್ತಕದೊಳಗೆ ಮಾತ್ರ. ತಪ್ಪು ಕಂಪನಿಗೆ ಬರೆದರೆ ‘ದಾಖಲೆ ಇಲ್ಲ’ ಎಂದು ಉತ್ತರ ಬರುತ್ತದೆ, ಜನ ಷೇರೇ ಹೋಯಿತೆಂದು ಕೈಬಿಡುತ್ತಾರೆ. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳು ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತವೆ. ಆಗ IEPF-5 ಅರ್ಜಿ ಹಾಕಬೇಕು, ಅದರಲ್ಲೂ ಕಂಪನಿಯ ಈಗಿನ ಸಿಐಎನ್ ಕೊಡಬೇಕು.

ಪುಣೆಯ ಕಂಪನಿಯನ್ನು ಪೂರ್ತಿ ಮರೆಯುವಂತೆಯೂ ಇಲ್ಲ ನೋಡಿ. 2000ದಲ್ಲಿ ಸ್ಟರ್ಲೈಟ್ ಇಂಡಸ್ಟ್ರೀಸ್‌ನ ಟೆಲಿಕಾಂ ಕೇಬಲ್ ವಿಭಾಗ ಬೇರ್ಪಟ್ಟು ಸ್ಟರ್ಲೈಟ್ ಆಪ್ಟಿಕಲ್ ಆಯಿತು. ಅದೇ ಇಂದಿನ ಸ್ಟರ್ಲೈಟ್ ಟೆಕ್ನಾಲಜೀಸ್. ನಿಮ್ಮ ತಂದೆಯ ಪತ್ರ ಅದಕ್ಕಿಂತ ಹಿಂದಿನದಾದರೆ, ಅಲ್ಲಿಯೂ ಅವರ ಹೆಸರಲ್ಲಿ ಷೇರು ಇದೆಯೇ ಎಂದು ಪ್ರತ್ಯೇಕವಾಗಿ ಕೇಳಿ.