ಮರುವಾಯಿ ಚಿಪ್ಪಿನ ಭಟ್ಟಿಗೆ 25 ಡಿಗ್ರಿಯಿಂದ ಲೆಕ್ಕ ಶುರು ಮಾಡಬೇಡಿ

ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದು: “ಚಿಪ್ಪು ಸುಟ್ಟು ಸುಣ್ಣ ಆಗುವುದಕ್ಕೆ ΔG 25 ಡಿಗ್ರಿಯಲ್ಲಿ 130.4 ಕಿಲೋಜೂಲ್ ಅಂತ ಟೇಬಲ್ಲಿನಲ್ಲಿ ಉಂಟು. ΔG/T ಬದಲಾಗುವುದಿಲ್ಲ ಅಂತ ಹಿಡಿದು 850 ಡಿಗ್ರಿಗೆ ಲೆಕ್ಕ ಹಾಕಿದರೆ 491 ಬಂತು. ಹಾಗಾದರೆ ನಮ್ಮ ಭಟ್ಟಿಯಲ್ಲಿ ಸುಣ್ಣ ಆಗುವುದು ಹೇಗೆ?”

ಮಾರಾಯ್ರೆ, ನಾನೂ ಹಿಂದೆ ಹೀಗೇ ಗುಣಿಸಿದವನು, ಅದಕ್ಕೇ ಬರೆಯುತ್ತಿದ್ದೇನೆ. ΔG ಸೊನ್ನೆಗಿಂತ ಕೆಳಗಿದ್ದರೆ ಕ್ರಿಯೆ ತಾನಾಗಿ ಮುಂದೆ ಹೋಗುತ್ತದೆ, ಮೇಲಿದ್ದರೆ ಇಲ್ಲ, ನಿಮ್ಮ ಗಾಬರಿ ಅದಕ್ಕೇ. ΔG/T ಬದಲಾಗುವುದಿಲ್ಲ ಅಂದರೆ ΔH, ಅಂದರೆ ಕ್ರಿಯೆ ಹೀರುವ ಬಿಸಿ, ಸೊನ್ನೆ ಅಂತ ಅರ್ಥ. ಚಿಪ್ಪು ಸುಡಲು ಬಿಸಿಯೇ ಬೇಡ ಅಂದ ಹಾಗಾಯಿತು! ಅಷ್ಟು ಕರಟದ ಇದ್ದಿಲು ಸುರಿಯುವುದು ಮತ್ತೆ ಯಾಕೆ? 1/T ಬದಲಾದಂತೆ ΔG/T ಬದಲಾಗುತ್ತದೆ, ಆ ಗೆರೆಯ ಇಳಿಜಾರೇ ΔH.

```
ΔG₂/T₂ = ΔG₁/T₁ + ΔH (1/T₂ − 1/T₁)
```

ΔH 178.3 ಕಿಲೋಜೂಲ್ ಹಾಕಿ. T ಕೆಲ್ವಿನ್‌ನಲ್ಲೇ ಇರಲಿ. ಕಿಲೋಜೂಲನ್ನು ಮೊದಲೇ ಜೂಲ್ ಮಾಡಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ R, ಅಂದರೆ ಅನಿಲ ಸ್ಥಿರಾಂಕ 8.314ರಿಂದ ಭಾಗಿಸುವಾಗ ಸಾವಿರ ಪಟ್ಟು ಎಡವಟ್ಟಾಗುತ್ತದೆ. 850 ಡಿಗ್ರಿಗೆ ΔG/T ಸುಮಾರು −1.91 ಬರುತ್ತದೆ. ಅದನ್ನು −R ನಿಂದ ಭಾಗಿಸಿ EXP ಹಾಕಿದರೆ ಚಿಪ್ಪಿನ ಮೇಲೆ ನಿಲ್ಲುವ ಕಾರ್ಬನ್ ಡೈಆಕ್ಸೈಡಿನ ಒತ್ತಡ 1.26 ಅಟ್ಮಾಸ್ಫಿಯರ್.

ಇಲ್ಲಿಗೇ ಖುಷಿಪಡಬೇಡಿ, ಈ ಉತ್ತರವೂ ತಪ್ಪು. ಅಳೆದು ನೋಡಿದವರಿಗೆ 850ರಲ್ಲಿ ಅರ್ಧ ಅಟ್ಮಾಸ್ಫಿಯರ್ ಕೂಡ ಸರಿಯಾಗಿ ಸಿಗುವುದಿಲ್ಲ. ಒಂದು ಅಟ್ಮಾಸ್ಫಿಯರ್ ಮುಟ್ಟುವುದು 900 ಡಿಗ್ರಿಯ ಹತ್ತಿರ. ಇದೇ ಪ್ರಶ್ನೆಗೆ ಗುಂಪಿನ ಮಾಸ್ಟ್ರು ΔH − TΔS ಹಾಕಿ, ಒಂದು ಅಟ್ಮಾಸ್ಫಿಯರ್ ಮುಟ್ಟುವುದು 837 ಡಿಗ್ರಿಯಲ್ಲಿ ಅಂತ ತೀರ್ಮಾನ ಕೊಟ್ಟಿದ್ದಾರಲ್ಲ, ಅವರ ದಾರಿ ಸರಿ, ಆದರೆ ಅದೂ ಇದೇ ಲೆಕ್ಕ, ಅಂಗಿ ಬೇರೆ ಅಷ್ಟೇ. ಎರಡೂ ಲೆಕ್ಕ 25 ಡಿಗ್ರಿಯ ΔH ಹಿಡಿದುಕೊಂಡು 800 ಡಿಗ್ರಿ ದೂರ ಹೋಗಿವೆ. 25ರಲ್ಲಿ ಎರಡೂ ಕಡೆಯ ಉಷ್ಣಧಾರಣೆ ಹೆಚ್ಚುಕಡಿಮೆ ಸಮ, ಅದಕ್ಕೇ ΔH ಬದಲಾಗದು ಅನ್ನಿಸುತ್ತದೆ. ಬಿಸಿ ಏರಿದ ಹಾಗೆ ಕಾರ್ಬೊನೇಟಿನದ್ದು ಜಾಸ್ತಿ ಏರುತ್ತದೆ. 900ರ ಹೊತ್ತಿಗೆ ΔH 168ರ ಆಸುಪಾಸಿಗೆ ಇಳಿದಿರುತ್ತದೆ. ಹತ್ತು ಕಿಲೋಜೂಲ್ ಏನು ಮಹಾ ಅನ್ನಬೇಡಿ, 60 ಡಿಗ್ರಿ ತಪ್ಪಿದ್ದು ಅದರಿಂದಲೇ.

ನಾನು ಮಾಡುವುದು ಹೀಗೆ. 25 ಡಿಗ್ರಿಯ ಟೇಬಲ್ ಮುಚ್ಚಿಡಿ. ಭಟ್ಟಿಗೆ ಹತ್ತಿರದ ಒಂದು ಗೊತ್ತಿರುವ ಬಿಂದು ಹಿಡಿಯಿರಿ. 898 ಡಿಗ್ರಿಯಲ್ಲಿ, ಅಂದರೆ 1171 ಕೆಲ್ವಿನ್‌ನಲ್ಲಿ, ಒತ್ತಡ ಒಂದು ಅಟ್ಮಾಸ್ಫಿಯರ್, ಹಾಗಾಗಿ ΔG ಸೊನ್ನೆ, ΔG/T ಕೂಡ ಸೊನ್ನೆ. ಅಲ್ಲಿನ ΔH ಹಾಕಿ 850ಕ್ಕೆ ಇಳಿಯಿರಿ. 48 ಡಿಗ್ರಿಯ ದೂರದಲ್ಲಿ ΔH ಬದಲಾಗದು ಅಂತ ಹಿಡಿದರೆ ಏನೂ ನಷ್ಟವಿಲ್ಲ. ಎಕ್ಸೆಲ್‌ನಲ್ಲಿ A2ನಲ್ಲಿ ಸೆಲ್ಸಿಯಸ್ ಬರೆದು ಇದನ್ನು ಹಾಕಿ:

```
=EXP(-168000/8.314*(1/(A2+273.15)-1/1171))
```

850ಕ್ಕೆ 0.48 ಬರುತ್ತದೆ, ಅಳೆದದ್ದಕ್ಕೆ ಸರಿ ಹೊಂದುತ್ತದೆ. ಅದೇ ಸೂತ್ರ ಹಿಡಿದು 400 ಡಿಗ್ರಿಗೆ ಹೋದರೆ ಮತ್ತೆ ಅದೇ ಕಥೆ, ಆಗ ΔH ಅಲ್ಲಿಯದ್ದು ಬೇಕು.

ನಿಮ್ಮ ಪ್ರಶ್ನೆಗೆ ಈಗ ಬರೋಣ. ಭಟ್ಟಿಯೊಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಾಲು ಭಾಗ ಅಂತ ಇಟ್ಟುಕೊಳ್ಳಿ. 0.48 ಅದಕ್ಕಿಂತ ಜಾಸ್ತಿ, ಹಾಗಾಗಿ 850ರಲ್ಲಿ ಸುಣ್ಣ ಆಗುತ್ತದೆ. ಲೆಕ್ಕದ ಪ್ರಕಾರ ಗಡಿ ಸುಮಾರು 811 ಡಿಗ್ರಿ. ಗಡಿಯಲ್ಲೇ ನಿಲ್ಲಿಸಿದರೆ ಚಿಪ್ಪು ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಯಾಕೆಂದರೆ ಎಷ್ಟು ಬೇಗ ಆಗುತ್ತದೆ ಅಂತ ΔG ಹೇಳುವುದಿಲ್ಲ. ಗಾಳಿಯೂದುವುದು ನಿಂತು ಹೊಗೆ ಒಳಗೇ ಸುತ್ತಿದರೆ ಗಡಿ ಮೇಲೆ ಹೋಗುತ್ತದೆ. ಸುಟ್ಟ ಚಿಪ್ಪಿಗೆ ನೀರು ಹಾಕಿ ನೋಡಿ, ಅರಳದೆ ಉಳಿದ ಗಟ್ಟಿ ತುಂಡಿಗೆ ಹುಳಿ ಬಿಟ್ಟಾಗ ನೊರೆ ಬಂದರೆ ಅದು ಬೇಯಲಿಲ್ಲ.

ಕುಂಬಳೆಯ ಅಣ್ಣ ಕೇಳಿದ್ದು ಬೇರೆ, ಅಡಿಕೆಗೆ ಬೋರ್ಡೋ ಮಾಡಲು ಯಾವ ಸುಣ್ಣ ಅಂತ. ಅಣ್ಣಾ, ಇಲ್ಲಿ ನಡೆಯುತ್ತಿರುವುದು ಒತ್ತಡದ ಲೆಕ್ಕ! ಆದರೂ ಹೇಳುತ್ತೇನೆ, ಬಾಯಿ ಬಿಟ್ಟ ಚೀಲದ ಹಳೇ ಸುಣ್ಣ ಬೇಡ. ತಣ್ಣಗಿರುವಾಗ ಎಲ್ಲ ಉಲ್ಟಾ, ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಚಿಪ್ಪಿನ ಪುಡಿಯೇ ಆಗುತ್ತದೆ. ಮೈಲುತುತ್ತಿನ ಹುಳಿ ಸರಿಯಾಗಿ ಸಾಯುವುದಿಲ್ಲ.

ಚಿಪ್ಪು ಬೇರೆ, ಸುಣ್ಣದಕಲ್ಲು ಬೇರೆ ಅಂತ ಯಾರೋ ಎತ್ತಿದ್ದರು. ಹರಳಿನ ರೂಪ ಬೇರೆ ನಿಜ, ಆದರೆ ಭಟ್ಟಿಯ ಬಿಸಿಗೆ ಮೊದಲೇ ಅದು ಕಲ್ಲಿನ ರೂಪಕ್ಕೆ ತಿರುಗಿಬಿಡುತ್ತದೆ. ಹೊಳೆಯ ಉಪ್ಪು ಎಷ್ಟು ಬದಲಿಸುತ್ತದೆ ಎಂಬುದು ಮಾಸ್ಟ್ರು ಮತ್ತು ನನ್ನ ನಡುವೆ ಇನ್ನೂ ಜಗಳ.

ಕೊನೆಗೆ, 850 ಅಂತ ತೋರಿಸಿದ್ದು ಯಾವ ಮೀಟರ್? ಅಗ್ಗದ್ದರ ಜೊತೆ ಬರುವ ಗಾಜಿನ ನೂಲು ಸುತ್ತಿದ ತಂತಿ ಆ ಬಿಸಿಗೆ ನಿಲ್ಲುವುದಿಲ್ಲ. ಕೆ ಟೈಪ್ ತಗೊಳ್ಳಿ, ಪಿಂಗಾಣಿ ಕೊಳವೆ ಇರುವುದು, ತುದಿ ಚಿಪ್ಪಿನ ರಾಶಿಯ ನಡುವೆ ಇರಲಿ. ಜ್ವಾಲೆಯಲ್ಲಿ ಹಿಡಿದು ಓದಿದ ಸಂಖ್ಯೆಯನ್ನು A2ನಲ್ಲಿ ಹಾಕಬೇಡಿ.