ಅದೇ ಗ್ಲಾರ್ಜಿನ್, ಬೇರೆ ಕಂಪನಿ: ಅಂಗಡಿಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರು ಒಂಬತ್ತು ವರ್ಷಗಳಿಂದ ರಾತ್ರಿ 22 ಯೂನಿಟ್ ಲ್ಯಾಂಟಸ್ ಎಂಬ ಗ್ಲಾರ್ಜಿನ್ ಇನ್ಸುಲಿನ್ ಅನ್ನು ಪೆನ್ನಿನಲ್ಲಿ ತೆಗೆದುಕೊಳ್ಳುತ್ತಿದ್ದಾರೆ. ಈ ಸಲ ಔಷಧಿ ಅಂಗಡಿಯವರು, ‘ಸ್ಟಾಕ್ ಇಲ್ಲ, ಇದೂ ಅದೇ ಔಷಧ, ಬೆಲೆಯೂ ಕಡಿಮೆ’ ಎಂದು ಬೇರೆ ಕಂಪನಿಯ ಗ್ಲಾರ್ಜಿನ್ ಸೀಸೆ ಕೊಟ್ಟಿದ್ದಾರೆ. ಹಳೆಯ ಸಿರಿಂಜ್‌ಗಳು ಮನೆಯಲ್ಲಿವೆ. ಕೊಡಬಹುದೇ? ಬೆಲೆ ಕಡಿಮೆ ಎಂದರೆ ಗುಣವೂ ಕಡಿಮೆಯೇ?

ಉತ್ತರ: ಮೊದಲು ಆ ಹಳೆಯ ಸಿರಿಂಜ್ ತೆಗೆದು ನೋಡಿ. ಮುಚ್ಚಳ ಕೆಂಪಾಗಿದ್ದು, ಮೈಮೇಲೆ 40 ಎಂದು ಬರೆದಿದ್ದರೆ ಪಕ್ಕಕ್ಕಿಡಿ. ಅದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗಾಗಿ ಮಾಡಿದ್ದು. ಗ್ಲಾರ್ಜಿನ್ ಸೀಸೆಯಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ಕೆಂಪು ಸಿರಿಂಜ್‌ನಲ್ಲಿ 22ರ ಗೆರೆಯವರೆಗೆ ಎಳೆದರೆ ಬರುವುದು 0.55 ಮಿಲಿಲೀಟರ್, ಅಂದರೆ 55 ಯೂನಿಟ್! ರಾತ್ರಿ ಮಲಗಿದ ಮೇಲೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಲು ಇಷ್ಟು ಸಾಕು. ಸೀಸೆಯ ಚೀಟಿಯಲ್ಲಿ 100 ಎಂದಿರುವುದನ್ನು ಖಚಿತಪಡಿಸಿಕೊಂಡು, ಕಿತ್ತಳೆ ಮುಚ್ಚಳದ 100 ಯೂನಿಟ್ ಸಿರಿಂಜ್ ತನ್ನಿ. ಹಾಗೆಂದು ಭಯದಿಂದ ಡೋಸ್ ತಪ್ಪಿಸುವುದೂ ಬೇಡ. ಇಂದೇ ವೈದ್ಯರಿಗೆ ಫೋನ್ ಮಾಡಿ.

ಇನ್ನು ಗುಣಮಟ್ಟದ ಮಾತು. ಗ್ಲಾರ್ಜಿನ್ ಎಂಬುದು 53 ಅಮೈನೋ ಆಮ್ಲಗಳ ಪ್ರೋಟೀನ್. ಮಾತ್ರೆಯಂತೆ ರಾಸಾಯನಿಕಗಳನ್ನು ಬೆರೆಸಿ ಅದನ್ನು ಮಾಡಲಾಗದು, ಜೀವಂತ ಸೂಕ್ಷ್ಮಜೀವಿಗಳಲ್ಲಿ ಬೆಳೆಸಬೇಕು. ಲ್ಯಾಂಟಸ್ ತಯಾರಿಸುವ ಮೂಲ ಕಂಪನಿ ಇದಕ್ಕೆ ಬ್ಯಾಕ್ಟೀರಿಯಾ ಬಳಸುತ್ತದೆ, ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸುತ್ತದೆ. ಬೇರೆ ಬೇರೆ ಕಡೆ ಜೀವಿಗಳಲ್ಲಿ ಬೆಳೆಸಿದ್ದು ಪೂರ್ತಿ ಒಂದೇ ಆಗಿರದ ಕಾರಣ ‘ತದ್ರೂಪ’ ಎನ್ನದೆ ‘ಬಯೋಸಿಮಿಲರ್’, ಅಂದರೆ ಬಹಳ ನಿಕಟವಾಗಿ ಹೋಲುವ ಜೈವಿಕ ಔಷಧ ಎನ್ನುತ್ತಾರೆ. ಹೋಲುತ್ತದೆ ಎಂದು ಕಂಪನಿ ಹೇಳಿಕೊಂಡರೆ ಸಾಲದು. ರಚನೆ, ಶುದ್ಧತೆ, ದೇಹದೊಳಗಿನ ಕೆಲಸ ಎಲ್ಲವನ್ನೂ ಮೂಲ ಔಷಧದ ಪಕ್ಕದಲ್ಲಿಟ್ಟು ತೋರಿಸಬೇಕೆಂದು ನಮ್ಮ ದೇಶದ 2012ರ ಮಾರ್ಗಸೂಚಿ, ಅದರ 2016ರ ಪರಿಷ್ಕರಣೆ ಹೇಳುತ್ತವೆ.

ಬೆಲೆ ಇಳಿಯುವುದು ಇಲ್ಲಿಯೇ. ಈ ಅಣು ಕೆಲಸ ಮಾಡುತ್ತದೆಯೇ, ಎಷ್ಟು ಡೋಸ್ ಬೇಕು ಎಂಬುದನ್ನೆಲ್ಲ ಮೂಲ ಕಂಪನಿ ಆಗಲೇ ಪತ್ತೆ ಮಾಡಿದೆ. ಪೇಟೆಂಟ್ ಮುಗಿದ ಮೇಲೆ ಬಂದವರು ಹೋಲಿಕೆಯನ್ನಷ್ಟೇ ಸಾಬೀತುಪಡಿಸಬೇಕು. ಮೇಲಾಗಿ ಪೈಪೋಟಿ ಇದೆ. ಆದರೂ ಜೀವಕೋಶ ಬೆಳೆಸುವ ಟ್ಯಾಂಕು, ಶುದ್ಧೀಕರಣ, ಕಾರ್ಖಾನೆಯಿಂದ ಅಂಗಡಿಯವರೆಗೂ ತಂಪು ಕಾಯುವ ಖರ್ಚು ಉಳಿದೇ ಇರುತ್ತದೆ. ಜೆನೆರಿಕ್ ಮಾತ್ರೆಗಳಷ್ಟು ಇದು ಅಗ್ಗವಾಗದಿರಲು ಅದೇ ಕಾರಣ.

ಒಂದರಿಂದ ಇನ್ನೊಂದಕ್ಕೆ ಬದಲಾದರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ಬಯೋಕಾನ್ ಗ್ಲಾರ್ಜಿನ್ ಮತ್ತು ಲ್ಯಾಂಟಸ್ ಅನ್ನು 12 ವಾರಗಳಿಗೊಮ್ಮೆ ಅದಲುಬದಲು ಮಾಡುತ್ತ 36 ವಾರ ಗಮನಿಸಿದಾಗ, ಸಕ್ಕರೆಯ ನಿಯಂತ್ರಣ ಹದಗೆಡಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಜುಲೈನಲ್ಲಿ ಇದೇ ಗ್ಲಾರ್ಜಿನ್‌ಗೆ, ವೈದ್ಯರನ್ನು ಮತ್ತೆ ಕೇಳದೆ ಫಾರ್ಮಸಿಯಲ್ಲೇ ಬದಲಿಸಬಹುದಾದ ಮೊದಲ ಬಯೋಸಿಮಿಲರ್ ಎಂಬ ಮಾನ್ಯತೆ ಕೊಟ್ಟಿತು. ಅಲ್ಲಿಯೂ ಆಯಾ ರಾಜ್ಯದ ಕಾನೂನು ಒಪ್ಪಬೇಕು.

ಭಾರತದಲ್ಲಿ ಅಂಥ ಮಾನ್ಯತೆಯ ವರ್ಗವೇ ಇಲ್ಲ. ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಎಚ್ ಮತ್ತು ಎಕ್ಸ್ ಶೆಡ್ಯೂಲ್‌ಗಳ ಔಷಧಗಳಿಗೆ, ಒಳಗಿನ ಅಂಶ ಒಂದೇ ಆದರೂ, ಆ ಚೀಟಿಯಲ್ಲಿ ಬರೆದದ್ದರ ಬದಲು ಬೇರೆ ತಯಾರಿಕೆ ಕೊಡಬಾರದೆಂದು ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಇನ್ಸುಲಿನ್ ಮಾರುವ ಫಾರ್ಮಸಿಸ್ಟ್ ಮಿತ್ರರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ. ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ ವೈದ್ಯರಿಗೆ ಫೋನ್ ಮಾಡಿ, ಒಪ್ಪಿದರೆ ಮಾತ್ರ ಬದಲಿಸಿ. ಬರೀ ‘ಇನ್ಸುಲಿನ್ ಗ್ಲಾರ್ಜಿನ್’ ಎಂದಿದ್ದರೆ ಹೋದ ತಿಂಗಳು ಕೊಟ್ಟ ಕಂಪನಿಯದ್ದನ್ನೇ ಕೊಡಿ. ಮಿಲಿಲೀಟರಿಗೆ 300 ಯೂನಿಟ್ ಇರುವ ಗ್ಲಾರ್ಜಿನ್ ಇದಕ್ಕೆ ಬದಲಿ ಅಲ್ಲ, ಅದರ ಡೋಸ್ ಲೆಕ್ಕವೇ ಬೇರೆ. ಪೆನ್ನು ಬಳಸುವವರ ಕೈಗೆ ಸೀಸೆ ಕೊಡುವುದು ಕಂಪನಿ ಬದಲಿಸುವುದಕ್ಕಿಂತ ದೊಡ್ಡ ಬದಲಾವಣೆ. ಒಂದು ಕಂಪನಿಯ ಕಾರ್ಟ್ರಿಡ್ಜ್ ಇನ್ನೊಂದರ ಪೆನ್ನಿಗೆ ಸರಿಯಾಗಿ ಕೂರುವುದೂ ಇಲ್ಲ.

ನಿಮ್ಮ ತಂದೆಯವರ ವಿಷಯದಲ್ಲಿ ವೈದ್ಯರು ಒಪ್ಪಿದರೆ ಸಾಮಾನ್ಯವಾಗಿ ಅದೇ 22 ಯೂನಿಟ್‌ನಿಂದ ಆರಂಭಿಸುತ್ತಾರೆ. ಎರಡು ವಾರ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ನೋಡಿ ಬರೆದಿಡಿ. 70ಕ್ಕಿಂತ ಕೆಳಗೆ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಸಿ, ವೈದ್ಯರಿಗೆ ತಿಳಿಸಿ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಸುಕಾಗಿದ್ದರೆ ಬಳಸಬೇಡಿ. ತೆರೆದ ಸೀಸೆ 28 ದಿನಕ್ಕಷ್ಟೇ. ಡಬ್ಬದ ಮೇಲಿನ ಕಂಪನಿ ಹೆಸರು, ಬ್ಯಾಚ್ ಸಂಖ್ಯೆ ಎರಡನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಅಡ್ಡ ಪರಿಣಾಮವೇನಾದರೂ ಕಂಡು ಸರ್ಕಾರದ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿದರೆ, ಅವರು ಕೇಳುವುದು ಅದನ್ನೇ.