ಸಿಟ್ಟಿನ ಕಮೆಂಟಿಗೆ ಎಲ್ಲರೆದುರು ಎಷ್ಟು ಹೇಳ್ಬೇಕು?

"ಕಸ್ಟಮರ್ ಬೈದು ಕಮೆಂಟ್ ಹಾಕಿದಾರೆ, ಅಲ್ಲೇ ಉತ್ತರ ಕೊಡ್ಲಾ ಇಲ್ಲ ಇನ್‌ಬಾಕ್ಸಿಗೆ ಕರೀಲಾ?"

ಎರಡೂ ಮಾಡಿ, ಆದ್ರೆ ಕಮೆಂಟಲ್ಲಿ ಮೊದಲಿಗೆ ಎರಡು ಸಾಲು ಸಾಕು. ಯಾಕಂದ್ರೆ ಅದನ್ನ ಓದೋರಲ್ಲಿ ಸುಮ್ನೆ ನೋಡ್ತಿರೋರೇ ಜಾಸ್ತಿ, ನೀವು ತಪ್ಪಿಸ್ಕೊಳ್ತಿಲ್ಲ ಅಂತ ಅವ್ರಿಗೆ ಕಾಣ್ಬೇಕು. "ತೊಂದರೆಗೆ ವಿಷಾದಿಸುತ್ತೇವೆ, ಇನ್‌ಬಾಕ್ಸ್ ಮಾಡಿ" ಅಂತ ಅಂಟಿಸಿದ್ರೆ ಬೈದವರಿಗೆ ಇನ್ನೂ ಉರಿಯುತ್ತೆ, ಕೆಲಸ ಮತ್ತೆ ಅವ್ರ ತಲೆಗೇ ಬಂತಲ್ಲ. ಬದಲಿಗೆ "ಜಾರ್ ಒಡೆದು ಬಂದಿದ್ದಕ್ಕೆ ಸಾರಿ ಮೇಡಂ, ಈಗಷ್ಟೇ ನಿಮಗೆ ಮೆಸೇಜ್ ಹಾಕಿದೀನಿ, ಆರ್ಡರ್ ನಂಬರ್ ಅಲ್ಲೇ ಕಳ್ಸಿ, ಇಲ್ಲಿ ಬೇಡ" ಅನ್ನಿ (ಮೆಸೇಜ್ ನಿಜವಾಗ್ಲೂ ಹಾಕಿರ್ಬೇಕು ಮತ್ತೆ!). ಯಾರ ತಪ್ಪು, ದುಡ್ಡು ಎಷ್ಟು ವಾಪಸ್ಸು ಅನ್ನೋದೆಲ್ಲ ಒಳಗೆ. ಮುಗಿದ್ಮೇಲೆ ಅದೇ ಕಮೆಂಟ್ ಕೆಳಗೆ "ಹೊಸ ಜಾರ್ ಇವತ್ತು ಕಳ್ಸಿದೀವಿ" ಅಂತ ಹಾಕಿ, ಇದನ್ನ ಸುಮಾರು ಜನ ಮರೀತಾರೆ, ಆಮೇಲೆ ನೋಡೋರಿಗೆ ಜಗಳ ಅರ್ಧಕ್ಕೇ ನಿಂತ ಹಾಗೆ ಕಾಣುತ್ತೆ.